ಕೀ ಜಾಸ್ತಿಯಾದರೆ ವಾಚು ಕೆಡುತ್ತದೆಯೇ?

ಅಪ್ಪನದೋ ತಾತನದೋ ಹಳೆಯ ಎಚ್‌ಎಂಟಿ ಜನತಾ ವಾಚು ಬೀರುವಿನಲ್ಲಿ ಸಿಕ್ಕಾಗ ಮನೆಯವರು ಹೇಳುವ ಮಾತು ಬಹುಪಾಲು ಒಂದೇ: "ಯಾರೋ ಕೀ ಜಾಸ್ತಿ ಕೊಟ್ಟುಬಿಟ್ಟರು, ಅವತ್ತಿನಿಂದ ನಿಂತಿದೆ." ಕ್ರೌನ್ ತಿರುಗಿಸಿ ನೋಡಿದರೆ ನಿಜಕ್ಕೂ ಬಿಗಿಯಾಗಿರುತ್ತದೆ, ಕೂದಲೆಳೆಯಷ್ಟೂ ಮುಂದೆ ಹೋಗುವುದಿಲ್ಲ. ಕೀ ಪೂರ್ತಿ ಇದೆ, ವಾಚು ಮಾತ್ರ ನಡೆಯುತ್ತಿಲ್ಲ. ಹಾಗಾದರೆ ಕೀ ಹೆಚ್ಚಾದದ್ದೇ ಕಾರಣವಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕೈಯಿಂದ ಕೀ ಕೊಡುವ ವಾಚಿನಲ್ಲಿ ಹಾಗೆ ಆಗುವುದಿಲ್ಲ. ಪೂರ್ತಿ ಕೀ ಕೊಟ್ಟ ವಾಚು ನಡೆಯಲೇಬೇಕು. ನಡೆಯುತ್ತಿಲ್ಲ ಎಂದರೆ ಕಾಯಿಲೆ ಬೇರೆಲ್ಲೋ ಇದೆ.

ಇದು ಅರ್ಥವಾಗಬೇಕಾದರೆ ಕೀ ಕೊಟ್ಟಾಗ ಒಳಗೆ ಏನಾಗುತ್ತದೆ ಎಂದು ನೋಡಬೇಕು. ವಾಚಿನೊಳಗೆ ಸುತ್ತಲೂ ಹಲ್ಲುಗಳಿರುವ ಒಂದು ಚಪ್ಪಟೆ ಡಬ್ಬಿ ಇರುತ್ತದೆ. ರಿಪೇರಿಯವರು ಅದನ್ನು ಬ್ಯಾರಲ್ ಎನ್ನುತ್ತಾರೆ. ಅದರೊಳಗೆ ತೆಳುವಾದ ಉಕ್ಕಿನ ಉದ್ದನೆಯ ಪಟ್ಟಿ ಸುರುಳಿಯಾಗಿ ಕೂತಿರುತ್ತದೆ, ಅದೇ ಮೈನ್ ಸ್ಪ್ರಿಂಗ್. ಪಟ್ಟಿಯ ಒಳತುದಿ ನಡುವಿನ ಅಚ್ಚಿಗೆ ಸಿಕ್ಕಿಕೊಂಡಿರುತ್ತದೆ, ಹೊರತುದಿ ಡಬ್ಬಿಯ ಗೋಡೆಗೆ. ಕೀ ಇಲ್ಲದಾಗ ಸುರುಳಿಯೆಲ್ಲ ಗೋಡೆಗೆ ಒತ್ತಿಕೊಂಡಿರುತ್ತದೆ. ಕ್ರೌನ್ ತಿರುಗಿಸಿದಂತೆ ಅಚ್ಚು ತಿರುಗಿ, ಪಟ್ಟಿ ಒಂದೊಂದೇ ಸುತ್ತಾಗಿ ಗೋಡೆ ಬಿಟ್ಟು ನಡುವಿಗೆ ಬರುತ್ತದೆ. ಅಚ್ಚಿನ ಮೇಲಿನ ಹಲ್ಲಿನ ಚಕ್ರಕ್ಕೆ ಕ್ಲಿಕ್ ಎಂಬ ಪುಟ್ಟ ಕೊಂಡಿ ತಡೆಯಾಗಿ ನಿಂತಿರುತ್ತದೆ. ಚಕ್ರ ಹಿಂದಕ್ಕೆ ಜಾರದಂತೆ ಹಿಡಿಯುವುದು ಅದೇ. ಕೀ ಕೊಡುವಾಗ ಕೇಳುವ ಟಿಕ್‌ಟಿಕ್ ಸದ್ದೂ ಅದರದೇ. ಪಟ್ಟಿಯೆಲ್ಲ ಅಚ್ಚಿನ ಸುತ್ತ ಒಂದರ ಮೇಲೊಂದು ಕೂತಮೇಲೆ ಸುತ್ತಲು ಏನೂ ಉಳಿಯುವುದಿಲ್ಲ. ಕ್ರೌನ್ ನಿಲ್ಲುತ್ತದೆ. ನಾವು ಬಿಗಿ ಎನ್ನುವುದು ಇದನ್ನೇ. ಇದು ಕೆಡುಕಲ್ಲ, ವಾಚು ಮಾಡಿದವನು ಇಟ್ಟ ಗಡಿ.

ಆ ಗಡಿ ತಲುಪಿದ ಮೇಲೂ ಬಲವಂತ ಮಾಡಿದರೆ ಮಾತ್ರ ನಿಜವಾದ ಹಾನಿ. ಆಗ ಬೆರಳಿನ ಬಲವೆಲ್ಲ ಮೂರು ಜಾಗಗಳ ಮೇಲೆ ಬೀಳುತ್ತದೆ: ಕ್ರೌನಿನ ಸಣ್ಣ ಕಡ್ಡಿ, ಕೀ ಚಕ್ರಗಳ ಹಲ್ಲು, ಸ್ಪ್ರಿಂಗಿನ ತುದಿ ಸಿಕ್ಕಿಕೊಂಡಿರುವ ಕೊಕ್ಕೆ. ಇವುಗಳಲ್ಲಿ ಯಾವುದು ದುರ್ಬಲವೋ ಅದು ಮುರಿಯುತ್ತದೆ. ಹಾಗೆ ಮುರಿದರೆ ಕ್ರೌನ್ ಬಿಗಿಯಾಗಿ ಉಳಿಯುವುದೇ ಇಲ್ಲ ಎಂಬುದನ್ನು ಗಮನಿಸಿ. ಕಡ್ಡಿ ತುಂಡಾದರೆ ಕ್ರೌನ್ ಕೈಗೇ ಬರುತ್ತದೆ. ಕ್ಲಿಕ್ ಹಾರಿದರೆ ಸ್ಪ್ರಿಂಗ್ ಸರ್ರನೆ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ತುಂಡಾದರೆ ಎಷ್ಟು ತಿರುಗಿಸಿದರೂ ಬಿಗಿ ಬರುವುದಿಲ್ಲ. ಅಂದರೆ ಬಲವಂತದಿಂದ ಕೆಟ್ಟ ವಾಚು ಸಡಿಲವಾಗಿರುತ್ತದೆ. ಬಿಗಿಯಾಗಿ ನಿಂತ ವಾಚು ಬಲವಂತದಿಂದ ಕೆಟ್ಟದ್ದಲ್ಲ.

ಹಾಗಾದರೆ ಅದು ನಿಂತದ್ದೇಕೆ? ಹೆಚ್ಚಿನ ಸಲ ಎಣ್ಣೆಯಿಂದ. ಸ್ಪ್ರಿಂಗಿನ ಬಲ ಡಬ್ಬಿಯಿಂದ ಹೊರಟು ನಾಲ್ಕೈದು ಚಕ್ರಗಳನ್ನು ದಾಟಿ ಬ್ಯಾಲೆನ್ಸ್ ಚಕ್ರಕ್ಕೆ ಮುಟ್ಟುವಷ್ಟರಲ್ಲಿ ತೀರ ಸ್ವಲ್ಪವೇ ಉಳಿದಿರುತ್ತದೆ. ಕಲ್ಲುಗಳಿಗೆ ಹಾಕಿದ ಹನಿ ಎಣ್ಣೆ ವರ್ಷಗಳು ಕಳೆದಂತೆ ಒಣಗಿ ಅಂಟಾದರೆ, ಧೂಳು ಸೇರಿಕೊಂಡರೆ, ಆ ಸ್ವಲ್ಪವೂ ದಾರಿಯಲ್ಲೇ ಕರಗಿಹೋಗುತ್ತದೆ. ಚಕ್ರಗಳು ತಿರುಗದಿದ್ದರೆ ಡಬ್ಬಿಯೂ ತಿರುಗುವುದಿಲ್ಲ, ಕೀ ಖಾಲಿಯಾಗುವುದೂ ಇಲ್ಲ. ವರ್ಷಗಟ್ಟಲೆ ಅದು ತುಂಬಿಕೊಂಡೇ ಇರುತ್ತದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಶುರುವಾದ ಎಚ್‌ಎಂಟಿಯ ವಾಚುಗಳು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಹೀಗೆ ತುಂಬಿದ ಕೀಯೊಂದಿಗೆ ಸುಮ್ಮನೆ ಬಿದ್ದಿವೆ. ಒಮ್ಮೆ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದರೆ ಬಹಳಷ್ಟು ಎದ್ದು ನಡೆಯುತ್ತವೆ.

ಜನರ ನಂಬಿಕೆಗೆ ಬುಡವೇ ಇಲ್ಲ ಎಂದಲ್ಲ. ಹಿಂದಿನ ಕಾಲದ ಸ್ಪ್ರಿಂಗುಗಳು ನೀಲಿ ಹೊಳಪಿನ ಕಾರ್ಬನ್ ಉಕ್ಕಿನವು. ಅವಕ್ಕೆ ತುಕ್ಕು ಹಿಡಿಯುತ್ತಿತ್ತು, ದಣಿವು ಬರುತ್ತಿತ್ತು, ಒಂದು ದಿನ ಫಟ್ ಎಂದು ತುಂಡಾಗುತ್ತಿದ್ದವು. ಸ್ಪ್ರಿಂಗಿನ ಮೇಲೆ ಅತಿ ಹೆಚ್ಚು ಒತ್ತಡ ಇರುವುದು ಪೂರ್ತಿ ಕೀ ಇದ್ದಾಗ. ಆದ್ದರಿಂದ ಕೀ ಕೊಟ್ಟ ಕೂಡಲೇ ಅಥವಾ ಅದೇ ರಾತ್ರಿ ತುಂಡಾಗುವುದು ಸಾಮಾನ್ಯವಾಗಿತ್ತು. ಕೊನೆಗೆ ಕೀ ಕೊಟ್ಟವರ ಮೇಲೆ ತಪ್ಪು ಬಿತ್ತು. ಕಳೆದ ಶತಮಾನದ ನಡುಭಾಗದಿಂದ ತುಕ್ಕು ಹಿಡಿಯದ ಮಿಶ್ರಲೋಹದ ಸ್ಪ್ರಿಂಗುಗಳು ಬಂದು ಈ ಕಾಟ ಬಹುಮಟ್ಟಿಗೆ ನಿಂತಿತು, ನಂಬಿಕೆ ಮಾತ್ರ ಉಳಿಯಿತು. ಆಟೊಮ್ಯಾಟಿಕ್ ವಾಚಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಸ್ಪ್ರಿಂಗಿನ ಹೊರತುದಿ ಗೋಡೆಗೆ ಗಟ್ಟಿಯಾಗಿ ಸಿಕ್ಕಿಕೊಂಡಿರುವುದಿಲ್ಲ, ಪೂರ್ತಿಯಾದ ಮೇಲೆ ಗೋಡೆಗುಂಟ ಜಾರುತ್ತದೆ.

ಇನ್ನೊಂದು ಅಪರೂಪದ ಸಂಗತಿ ಇದೆ, ಕೀ ಜಾಸ್ತಿ ಎಂಬ ಮಾತಿಗೆ ನಿಜಕ್ಕೂ ಹತ್ತಿರವಾದದ್ದು. ಸ್ಪ್ರಿಂಗ್ ತುತ್ತತುದಿಯವರೆಗೆ ಬಿಗಿಯಾಗಿದ್ದಾಗ ಬಲ ಮಿತಿಮೀರಿ, ಬ್ಯಾಲೆನ್ಸ್ ಚಕ್ರ ಒಂದು ಸುತ್ತಿನ ಹತ್ತಿರ ಹತ್ತಿರ ತೂಗಿಬಿಡಬಹುದು. ಆಗ ಅದರ ಪುಟ್ಟ ಕಲ್ಲು ಎದುರಿನ ಕವೆಗೆ ಹಿಂದಿನಿಂದ ಬಡಿದು ವಾಚು ಹುಚ್ಚು ಹಿಡಿದಂತೆ ಮುಂದೆ ಓಡುತ್ತದೆ. ಇದನ್ನು ತಪ್ಪಿಸಲೆಂದೇ ಕ್ಲಿಕ್‌ಗೆ ಸ್ವಲ್ಪ ಸಡಿಲ ಕೊಟ್ಟಿರುತ್ತಾರೆ. ಪೂರ್ತಿ ಕೀ ಕೊಟ್ಟು ಬೆರಳು ಬಿಟ್ಟಾಗ ಕ್ರೌನ್ ಒಂದಿಷ್ಟು ಹಿಂದಕ್ಕೆ ಸರಿಯುವುದು ನಿಮ್ಮ ಬೆರಳಿಗೇ ತಿಳಿಯುತ್ತದೆ. ಅತಿಯಾದ ಬಿಗಿ ಅಲ್ಲಿಗೆ ಕಳೆಯಿತು. ಹಾಗಾಗಿ ಕ್ರೌನನ್ನು ಕೊನೆಯಲ್ಲಿ ಒತ್ತಿ ಹಿಡಿದುಕೊಳ್ಳಬೇಡಿ, ಬಿಟ್ಟುಬಿಡಿ.

ಇಷ್ಟಾದರೂ ಒಂದು ತೊಂದರೆ ಉಳಿಯುತ್ತದೆ. ಡಯಲ್ ನೋಡಿದರೆ ಗಂಟೆ ಗೊತ್ತಾಗುತ್ತದೆಯೇ ಹೊರತು ಒಳಗೆ ಎಷ್ಟು ಕೀ ಉಳಿದಿದೆ ಎಂದು ಗೊತ್ತಾಗುವುದಿಲ್ಲ. ಅದನ್ನು ಹೇಳುವುದೇ ಪವರ್ ರಿಸರ್ವ್ ಮುಳ್ಳು. ಇದು ಮೊದಲು ಬೇಕಾದದ್ದು ಹಡಗುಗಳಲ್ಲಿ. ರೇಖಾಂಶ ಲೆಕ್ಕ ಹಾಕಲು ಬಳಸುತ್ತಿದ್ದ ಕ್ರೋನೊಮೀಟರ್ ಗಡಿಯಾರ ಸಮುದ್ರದ ನಡುವೆ ನಿಂತರೆ ಹಡಗು ಎಲ್ಲಿದೆ ಎಂಬ ಲೆಕ್ಕವೇ ತಪ್ಪುತ್ತಿತ್ತು. ಅದರ ಡಯಲಿನ ಮೇಲ್ಭಾಗದಲ್ಲಿ ಸೊನ್ನೆಯಿಂದ 56ರವರೆಗೆ ಅಂಕಿಗಳಿರುವ ಚಿಕ್ಕ ಡಯಲ್. ಕೀ ಕೊಟ್ಟು ಎಷ್ಟು ಗಂಟೆಯಾಯಿತು ಎಂದು ಅದರ ಮುಳ್ಳು ತೋರಿಸುತ್ತದೆ. ಗಡಿಯಾರ 56 ಗಂಟೆ ನಡೆಯಬಲ್ಲದಾದರೂ, ಸ್ಪ್ರಿಂಗಿನ ಅದೇ ಭಾಗ ಪ್ರತಿದಿನ ಕೆಲಸ ಮಾಡಲೆಂದು, ಮುಳ್ಳು 24ಕ್ಕೆ ಬಂದಾಗ ನಿಗದಿತ ಹೊತ್ತಿಗೆ ಕೀ ಕೊಡುತ್ತಿದ್ದರು. ಕೈಗಡಿಯಾರಕ್ಕೆ ಈ ಏರ್ಪಾಡು ನಿಧಾನವಾಗಿ ಬಂತು. 1948ರಲ್ಲಿ ಸ್ವಿಟ್ಜರ್ಲೆಂಡಿನ ಜೇಗರ್-ಲೆಕೂಲ್ಟರ್ ತನ್ನ ಪವರ್‌ಮ್ಯಾಟಿಕ್ ಆಟೊಮ್ಯಾಟಿಕ್ ವಾಚಿನಲ್ಲಿ ಕಿಟಕಿಯೊಂದನ್ನಿಟ್ಟು ಉಳಿದ ಗಂಟೆಗಳನ್ನು ತೋರಿಸಿತು. ಕೈಯಿಂದ ಕೀ ಕೊಡುವ ವಾಚುಗಳಲ್ಲಿ 1994ರಲ್ಲಿ ಬಂದ ಜರ್ಮನಿಯ ಲಾಂಗೆ 1 ಹೆಸರಾದದ್ದು. ಎರಡು ಸ್ಪ್ರಿಂಗುಗಳಿಂದ 72 ಗಂಟೆ ನಡೆಯುವ ಅದರ ಡಯಲಿನ ಬಲಗಡೆ ಮೇಲೆ, ಕೆಳಗೆ ಎಂದು ಜರ್ಮನ್ ಭಾಷೆಯಲ್ಲಿ ಬರೆದು ನಡುವೆ ಮುಳ್ಳು ಓಡಾಡುವಂತೆ ಮಾಡಿದ್ದಾರೆ.

ಮುಳ್ಳಿಗೆ ಉಳಿದ ಕೀ ಗೊತ್ತಾಗುವುದು ಹೇಗೆ? ಬ್ಯಾಂಕಿನ ಪಾಸ್‌ಬುಕ್ಕಿನ ಹಾಗೆ. ಕೀ ಕೊಟ್ಟಾಗ ನಡುವಿನ ಅಚ್ಚು ತಿರುಗುತ್ತದೆ, ಅದು ಜಮಾ. ವಾಚು ನಡೆದಾಗ ಡಬ್ಬಿ ತಿರುಗುತ್ತದೆ, ಅದು ಖರ್ಚು. ಈ ಎರಡು ತಿರುಗಾಟಗಳ ವ್ಯತ್ಯಾಸವನ್ನು ತೆಗೆಯುವ ಪುಟ್ಟ ಚಕ್ರಗಳ ಜೋಡಣೆ ಮುಳ್ಳನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ.

ಒಂದು ವಾಚಿನ ಲೆಕ್ಕ ಮಾಡಿ ನೋಡೋಣ. ಡಬ್ಬಿಗೆ 72 ಹಲ್ಲು, ಅದು ತಿರುಗಿಸುವ ನಡುಚಕ್ರದ ಪುಟ್ಟ ಗಾಲಿಗೆ 12 ಹಲ್ಲು ಎಂದುಕೊಳ್ಳಿ. ನಡುಚಕ್ರ ಗಂಟೆಗೊಂದು ಸುತ್ತು ಬರುವುದರಿಂದ ಡಬ್ಬಿಯ ಒಂದು ಸುತ್ತಿಗೆ ಆರು ಗಂಟೆ. ಸ್ಪ್ರಿಂಗಿನಲ್ಲಿ ಏಳು ಸುತ್ತಿನ ಜಾಗ ಇದ್ದರೆ ಪೂರ್ತಿ ಕೀಗೆ 42 ಗಂಟೆ. ಬೆಳಗ್ಗೆ ಏಳಕ್ಕೆ ಪೂರ್ತಿ ಕೀ ಕೊಟ್ಟರೆ ಮರುದಿನ ಏಳಕ್ಕೆ ನಾಲ್ಕು ಸುತ್ತು ಖರ್ಚಾಗಿ ಮುಳ್ಳು 18ರ ಮೇಲೆ ನಿಂತಿರುತ್ತದೆ. ಅಚ್ಚಿನ ಒಂದು ಸುತ್ತಿಗೆ ಕ್ರೌನ್ ಮೂರೂವರೆ ಸುತ್ತು ತಿರುಗಬೇಕು ಎಂದಾದರೆ ಮತ್ತೆ ತುಂಬಲು 14 ಸುತ್ತು. ಈ ಸಂಖ್ಯೆಗಳು ವಾಚಿನಿಂದ ವಾಚಿಗೆ ಬೇರೆಯಾದರೂ ದಾರಿ ಇದೇ. ಮುಳ್ಳು ಇಲ್ಲದ ಜನತಾದಂಥ ವಾಚಿಗೂ ಇದು ಉಪಯೋಗಕ್ಕೆ ಬರುತ್ತದೆ. ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟರೆ ಎಷ್ಟು ಸುತ್ತಿಗೆ ಬಿಗಿ ಬರುತ್ತದೆ ಎಂದು ಬೆರಳಿಗೆ ಅಭ್ಯಾಸವಾಗುತ್ತದೆ.

ಮುಳ್ಳು ಇರುವ ವಾಚಿನಲ್ಲಿ ಕೊನೆಯ ಸುತ್ತುಗಳು ಬಂದವೆಂದು ಕಣ್ಣಿಗೇ ಕಾಣುತ್ತದೆ, ಅಲ್ಲಿಂದ ಬೆರಳು ತಾನಾಗಿ ಮೆಲ್ಲಗಾಗುತ್ತದೆ. ಮುಳ್ಳು ಯಾರನ್ನೂ ತಡೆಯುವುದಿಲ್ಲ, ತಡೆಯುವುದು ಸ್ಪ್ರಿಂಗೇ. ಅದು ಹೆಚ್ಚು ನೆರವಾಗುವುದು ಬೇರೆ ಎರಡು ಕಡೆ. ಕೀ ತೀರುತ್ತ ಬಂದಂತೆ ಸ್ಪ್ರಿಂಗಿನ ಬಲ ಇಳಿದು ಬ್ಯಾಲೆನ್ಸಿನ ತೂಗಾಟ ಸಣ್ಣದಾಗುತ್ತದೆ, ಕೊನೆಯ ಗಂಟೆಗಳಲ್ಲಿ ಸಮಯ ತಪ್ಪುವುದು ಹೆಚ್ಚು. ಮುಳ್ಳು ಅಲ್ಲಿಗಿಳಿಯುವ ಮೊದಲೇ ಕೀ ಕೊಟ್ಟರೆ ವಾಚು ಸರಿಯಾದ ಸಮಯ ಕೊಡುತ್ತದೆ. ಇನ್ನೊಂದು, ವಾಚು ನಿಂತಾಗ. ಮುಳ್ಳು ಸೊನ್ನೆಯಲ್ಲಿದ್ದರೆ ಕೀ ಕೊಟ್ಟರೆ ಸಾಕು. ಅರ್ಧದಲ್ಲೋ ಪೂರ್ತಿಯಲ್ಲೋ ಇದ್ದು ನಿಂತಿದ್ದರೆ ಅದು ಸರ್ವಿಸ್ ಕೇಳುತ್ತಿದೆ.

ಮುಳ್ಳಿಗೂ ಒಂದು ಮಿತಿ ಇದೆ. ಅದು ಸುತ್ತುಗಳನ್ನು ಎಣಿಸುತ್ತದೆ, ಬಲವನ್ನು ಅಳೆಯುವುದಿಲ್ಲ. ಸ್ಪ್ರಿಂಗ್ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೂ ಅದು ಪೂರ್ತಿ ಎಂದೇ ತೋರಿಸುತ್ತದೆ. ಸ್ಪ್ರಿಂಗ್ ತುಂಡಾಗಿದ್ದರೂ ಅಚ್ಚು ತಿರುಗುವುದರಿಂದ ಮುಳ್ಳು ಮೇಲಕ್ಕೆ ಹೋಗಬಹುದು. ಆದ್ದರಿಂದ ಕಣ್ಣು ಮುಳ್ಳಿನ ಮೇಲಿದ್ದರೂ ಗಮನ ಬೆರಳಿನ ಮೇಲಿರಲಿ. ಮುಳ್ಳು ಏರುತ್ತಿದ್ದು ಕ್ರೌನಿನಲ್ಲಿ ಬಿಗಿ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ.

ಕೀ ಕೊಡುವಾಗ ವಾಚನ್ನು ಕೈಯಿಂದ ಬಿಚ್ಚಿಕೊಳ್ಳಿ. ಮಣಿಕಟ್ಟಿನಲ್ಲೇ ಇಟ್ಟು ತಿರುಗಿಸಿದರೆ ಕ್ರೌನಿನ ಕಡ್ಡಿಗೆ ಅಡ್ಡ ಒತ್ತಡ ಬೀಳುತ್ತದೆ. ಬೆರಳ ತುದಿಯಲ್ಲಿ ಹಗುರವಾಗಿ ತಿರುಗಿಸಿ, ಬಿಗಿ ಬಂದ ಕಡೆ ಬಿಟ್ಟುಬಿಡಿ. ಅರ್ಧಕ್ಕೇ ನಿಲ್ಲಿಸುವ ಹೆದರಿಕೆ ಬೇಕಿಲ್ಲ. ಬೀರುವಿನಲ್ಲಿರುವ ಆ ಹಳೆಯ ವಾಚನ್ನು ರಿಪೇರಿಗೆ ಕೊಡುವಾಗ "ಕೀ ಜಾಸ್ತಿಯಾಗಿದೆ" ಎನ್ನಬೇಡಿ. "ಕೀ ಪೂರ್ತಿ ಇದೆ, ಆದರೂ ನಡೆಯುತ್ತಿಲ್ಲ, ಬಿಚ್ಚಿ ತೊಳೆದು ಎಣ್ಣೆ ಹಾಕಿಕೊಡಿ" ಎನ್ನಿ.