ಕಾಫಿ ಸಪ್ಪೆಯಾದರೆ ಪುಡಿಯನ್ನಷ್ಟೇ ದೂರಬೇಡಿ

ಕಾವೇರಿ ನೀರಿನ ಬಡಾವಣೆಯಿಂದ ಬೋರ್‌ವೆಲ್ ಅಪಾರ್ಟ್‌ಮೆಂಟಿಗೆ ಹೋದವರಿಗೆ ಹಳೆಯ ಪುಡಿಯ ಕಾಫಿಯೇ ಸಪ್ಪೆ ಎನಿಸಿದರೆ ಅಚ್ಚರಿಯಿಲ್ಲ. ‘ನಮ್ಮಲ್ಲಿ ಸಾಫ್ಟ್‌ನರ್ ಇದೆ, ಗಡಸು ನೀರಿನ ಮಾತೇ ಇಲ್ಲ’ ಎಂದು ಅವರು ಹೇಳಬಹುದು. ತೊಡಕಿರುವುದು ಅಲ್ಲೇ.

ನೀರಿನ ಗಡಸುತನ ಬರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದ. ಕ್ಷಾರೀಯತೆ ಬರುವುದು ಮುಖ್ಯವಾಗಿ ಬೈಕಾರ್ಬೊನೇಟಿನಿಂದ. ಕಾಫಿಯ ರುಚಿಯನ್ನು ಹೆಚ್ಚು ಕೆಡಿಸುವುದು ಈ ಎರಡನೆಯದು. ಕಾಫಿಗೆ ಲವಲವಿಕೆ ಕೊಡುವುದು ಅದರಲ್ಲಿರುವ ನವಿರಾದ ಹುಳಿ. ಬೈಕಾರ್ಬೊನೇಟ್ ಆ ಹುಳಿಯನ್ನು ಇಂಗಿಸಿಬಿಡುತ್ತದೆ. ಆಮೇಲೆ ಉಳಿಯುವುದು ಮಂಕು ಕಹಿ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಬೈಕಾರ್ಬೊನೇಟನ್ನು ಮುಟ್ಟುವುದಿಲ್ಲ. ಗೀಸರಿಗೆ ಅದು ಒಳ್ಳೆಯದು, ಕಾಫಿಗೆ ಅದರಿಂದ ಲಾಭವಿಲ್ಲ.

ಚಿಕೋರಿ ಬೆರೆಸಿ, ಗಟ್ಟಿ ಹಾಲು ಹಾಕಿ ಕುಡಿಯುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು. ಹದವಾಗಿ ಹುರಿದ ಚಿಕ್ಕಮಗಳೂರಿನ ಅರೇಬಿಕಾವನ್ನು ಹಾಲಿಲ್ಲದೆ ಕುಡಿಯುವವರಿಗೆ ಮಾತ್ರ ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ಟಿಡಿಎಸ್ ಮೀಟರ್ ಒಟ್ಟು ಲವಣದ ಅಂದಾಜು ಕೊಡುತ್ತದೆಯೇ ಹೊರತು ಕ್ಷಾರೀಯತೆಯನ್ನು ಹೇಳದು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ‘ಕೆಎಚ್’ ಕಿಟ್ ಸಾಕು. ಸಾಮಾನ್ಯವಾಗಿ ಇದರಲ್ಲಿ 5 ಮಿಲೀ ನೀರಿಗೆ ಬಣ್ಣ ತಿರುಗುವವರೆಗೆ ಹನಿ ಹಾಕಬೇಕು. ಒಂದು ಹನಿಯೆಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ ಕ್ಷಾರೀಯತೆ. ಕಾಫಿಗೆ 40ರಿಂದ 70ರ ಆಸುಪಾಸು ಒಳ್ಳೆಯದು.

ನಿಮ್ಮ ನಲ್ಲಿ ನೀರು 17 ಹನಿ ಕೇಳಿತು ಎನ್ನಿ. ಅಲ್ಲಿಗೆ ಕ್ಷಾರೀಯತೆ 300ರಷ್ಟಾಯಿತು. ಆರ್‌ಒ ನೀರಿನಲ್ಲಿ ಅದು 15ರಷ್ಟಿದ್ದರೆ, ಒಂದು ಲೋಟ ನಲ್ಲಿ ನೀರಿಗೆ ಆರು ಲೋಟ ಆರ್‌ಒ ನೀರು ಬೆರೆಸಿ. 55ರ ಹತ್ತಿರಕ್ಕೆ ಬರುತ್ತದೆ. ಬರೀ ಆರ್‌ಒ ನೀರೇ ಸಾಲದೇ ಎಂದರೆ, ಅದರಲ್ಲಿ ಹುಳಿಯನ್ನು ತಡೆಯುವವರೇ ಇಲ್ಲ. ಡಿಕಾಕ್ಷನ್ ತೆಳುವಾಗಿ, ಹುಳಿ ಚುಚ್ಚಿದಂತೆ ಬರುತ್ತದೆ. ಬೆರೆಸುವ ನಲ್ಲಿ ನೀರು ಸಾಫ್ಟ್‌ನರಿಗೆ ಮುಂಚಿನದಾದರೆ ಮೇಲು, ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಸಿಗುತ್ತವೆ. ಆ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಮಾತ್ರ ಮೊದಲು ಖಚಿತಪಡಿಸಿಕೊಳ್ಳಿ.

ಆರ್‌ಒ ಇಲ್ಲದ ಮನೆಯಲ್ಲಿ ಗಡಸು ನೀರನ್ನು ಹತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ತಳದ ಬಿಳಿ ಪುಡಿ ಕದಡದಂತೆ ಮೇಲಿನ ನೀರನ್ನು ಬಗ್ಗಿಸಿಕೊಳ್ಳಿ. ಆ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಜೊತೆ ಗಡಸುತನವೂ ಕ್ಷಾರೀಯತೆಯೂ ಒಟ್ಟಿಗೆ ಇಳಿಯುತ್ತವೆ. ಎಷ್ಟು ಇಳಿಯಿತೆಂದು ಕಿಟ್‌ನಲ್ಲೇ ನೋಡಿ. ಸಾಫ್ಟ್‌ನರ್ ದಾಟಿ ಬಂದ ನೀರಿಗೆ ಈ ಉಪಾಯ ನಡೆಯದು, ಸೋಡಿಯಂ ಬೈಕಾರ್ಬೊನೇಟ್ ಹೀಗೆ ತಳಕ್ಕೆ ಕೂರುವುದಿಲ್ಲ.

ಟ್ಯಾಂಕರ್ ಬದಲಾದಾಗ, ಬೋರ್‌ವೆಲ್ ಇನ್ನಷ್ಟು ಆಳಕ್ಕೆ ಕೊರೆಸಿದಾಗ ಲೆಕ್ಕವೂ ಬದಲಾಗಬಹುದು. ಆಗ ಹನಿಗಳನ್ನು ಮತ್ತೊಮ್ಮೆ ಎಣಿಸಿಬಿಡಿ.