ಸಂದರ್ಶನ ಆರೂವರೆಗೆ, ಯಾರ ಗಡಿಯಾರದ ಆರೂವರೆ?

ಮನೆಯಿಂದಲೇ ಮಾಡುವ ವಿದೇಶಿ ಕಂಪನಿಯ ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಮೊದಲ ಸುತ್ತು ದಾಟಿದ ಮೇಲೆ ಒಂದು ಪುಟ್ಟ ಮೇಲ್ ಬರುವುದುಂಟು. ಮುಂದಿನ ಸಂದರ್ಶನಕ್ಕೆ ನಿಮಗೆ ಅನುಕೂಲವಾದ ಎರಡು ಮೂರು ಸಮಯ ತಿಳಿಸಿ ಎಂದು ಅದರಲ್ಲಿರುತ್ತದೆ. ‘ಮಂಗಳವಾರ ಸಂಜೆ ಆರೂವರೆ ಮೇಲೆ ಯಾವಾಗಲಾದರೂ ಸರಿ’ ಎಂದು ಬರೆದು ಕಳಿಸಿದರೆ ಬರೆದವರಿಗೆ ಎಲ್ಲವೂ ಸ್ಪಷ್ಟ. ಓದುವವರು ಬರ್ಲಿನ್‌ನಲ್ಲಿ, ಸಂದರ್ಶನ ಮಾಡುವವರು ನ್ಯೂಯಾರ್ಕ್‌ನಲ್ಲಿ ಇದ್ದರೆ ಮಾತ್ರ ಆ ಆರೂವರೆ ಯಾರದೆಂದು ಕೇಳಲು ಇನ್ನೊಂದು ಮೇಲ್ ಬೇಕು. ಕೇಳದೆ ಊಹಿಸಿಕೊಂಡರೆ ಇನ್ನೂ ಕಷ್ಟ.

ನಮ್ಮಲ್ಲಿ ಎಲ್ಲರೂ ಬಳಸುವ IST ಎಂಬ ಮೂರಕ್ಷರವೂ ಇಲ್ಲಿ ಸಾಲದು. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಇದೇ ಮೂರಕ್ಷರ ಬರೆಯುತ್ತಾರೆ. ಆದ್ದರಿಂದ ಪಕ್ಕದಲ್ಲಿ UTC+5:30 ಎಂದು ಸೇರಿಸಬೇಕು. ಯುಟಿಸಿ ಎಂದರೆ ಜಗತ್ತಿನ ಎಲ್ಲ ಗಡಿಯಾರಗಳ ಲೆಕ್ಕಕ್ಕೆ ಆಧಾರವಾದ ಮೂಲ ಸಮಯ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ಅಂತರವನ್ನು ಅಂಕಿಯಲ್ಲಿ ಬರೆದ ಮೇಲೆ ಎರಡು ಅರ್ಥಕ್ಕೆ ಜಾಗವಿಲ್ಲ.

ಇಂದಿನ ಅಂತರವಲ್ಲ, ಆ ದಿನದ ಅಂತರ

ಒಂದು ಉದಾಹರಣೆಯನ್ನೇ ಲೆಕ್ಕ ಹಾಕಿ ನೋಡೋಣ. ಧಾರವಾಡದ ಯುವತಿಯೊಬ್ಬಳು 2026ರ ಮಾರ್ಚ್ 5ರಂದು ಇಂಥ ಮೇಲ್‌ಗೆ ಉತ್ತರ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಸಂದರ್ಶನ ಮಾರ್ಚ್ 16ರಿಂದ ಆರಂಭವಾಗುವ ವಾರದಲ್ಲಿ. ಅವಳು ಫೋನಿನ ಗಡಿಯಾರದಲ್ಲಿ ನ್ಯೂಯಾರ್ಕ್ ಸೇರಿಸಿ ನೋಡುತ್ತಾಳೆ. ನಮಗಿಂತ ಹತ್ತೂವರೆ ಗಂಟೆ ಹಿಂದೆ ಎಂದು ಕಾಣುತ್ತದೆ. ನಮ್ಮ ಸಂಜೆ 6:30 ಎಂದರೆ ಅಲ್ಲಿ ಬೆಳಿಗ್ಗೆ 8 ಎಂದು ಬರೆದುಬಿಡುತ್ತಾಳೆ.

ಅಂದಿನ ಮಟ್ಟಿಗೆ ಆ ಲೆಕ್ಕ ಸರಿ, ಸಂದರ್ಶನದ ದಿನಕ್ಕೆ ತಪ್ಪು. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. 2026ರಲ್ಲಿ ಆ ಮಾರ್ಚ್ ಭಾನುವಾರ 8ನೇ ತಾರೀಖು. ಅಲ್ಲಿಂದ ನ್ಯೂಯಾರ್ಕ್ UTC-5 ಬಿಟ್ಟು UTC-4 ಆಗುತ್ತದೆ, ನಮಗೂ ಅವರಿಗೂ ಇರುವ ಅಂತರ ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಅಂದರೆ 17ನೇ ತಾರೀಖು ನಮ್ಮ 6:30ಕ್ಕೆ ಅಲ್ಲಿ 9 ಗಂಟೆ. ಅವಳ ಮೇಲ್ ನಂಬಿ 8ಕ್ಕೇ ಕೂತ ಸಂದರ್ಶಕರಿಗೆ ಧಾರವಾಡದ ಸಂಜೆ 5:30ರಲ್ಲಿ ಯಾರೂ ಸಿಗುವುದಿಲ್ಲ.

ಯುರೋಪಿನ ಹೆಚ್ಚಿನ ದೇಶಗಳಲ್ಲೂ ಗಡಿಯಾರ ತಿರುಗಿಸುತ್ತಾರೆ, ಆದರೆ ಅದೇ ದಿನವಲ್ಲ. ಅವರದು ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರ. 2026ರಲ್ಲಿ ಮಾರ್ಚ್ 29ರವರೆಗೆ ಬರ್ಲಿನ್ UTC+1ರಲ್ಲೇ ಇರುತ್ತದೆ. ಹೀಗಾಗಿ ಮಾರ್ಚ್ 8ರಿಂದ 29ರವರೆಗಿನ ಮೂರು ವಾರ ಬರ್ಲಿನ್ ಮತ್ತು ನ್ಯೂಯಾರ್ಕ್ ನಡುವಿನ ಆರು ಗಂಟೆಯ ಅಂತರವೂ ಐದಕ್ಕೆ ಇಳಿದಿರುತ್ತದೆ. ಅಲ್ಲಿಯವರೇ ಎಡವುವ ದಿನಗಳಿವು.

ಭಾರತದಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ನಮ್ಮ UTC+5:30 ವರ್ಷವಿಡೀ ಹಾಗೇ ಇರುತ್ತದೆ. ಮೇಲ್ ಬರೆಯುವಾಗ ಇದರ ಲಾಭ ಪಡೆಯಬೇಕು. ನಮ್ಮ ಸಮಯವನ್ನು ಮೊದಲು ಬರೆದು, ಉಳಿದ ಊರುಗಳ ಸಮಯವನ್ನು ಕೆಳಗೆ ಕೊಟ್ಟು, ಎಲ್ಲಾದರೂ ವ್ಯತ್ಯಾಸ ಕಂಡರೆ ಭಾರತದ ಸಮಯವನ್ನೇ ಸರಿಯೆಂದು ಹಿಡಿಯಿರಿ ಎಂದು ಒಂದು ವಾಕ್ಯ ಸೇರಿಸಿದರೆ, ಲೆಕ್ಕ ತಪ್ಪಿದರೂ ಸಂದರ್ಶನ ತಪ್ಪುವುದಿಲ್ಲ.

ಮೂರು ಸಮಯ, ಮೂರು ದಿನ

ಮೂವರಿಗೂ ಹೊಂದುವ ಸಮಯ ಯಾವುದು? ನ್ಯೂಯಾರ್ಕ್‌ನಲ್ಲಿ ಕೆಲಸ ಶುರುವಾಗುವ 9 ಗಂಟೆ ನಮ್ಮ ಸಂಜೆ 6:30. ಬರ್ಲಿನ್‌ನಲ್ಲಿ ಕೆಲಸ ಮುಗಿಯುವ 5 ಗಂಟೆ ನಮ್ಮ ರಾತ್ರಿ 9:30. ಈ ಮೂರು ಗಂಟೆಯೊಳಗೇ ಆರಿಸಬೇಕು. ಮೂರನ್ನೂ ಒಂದೇ ದಿನಕ್ಕೆ ತುಂಬಿದರೆ ಆ ದಿನ ಸಂದರ್ಶಕರು ರಜೆಯಲ್ಲಿದ್ದರೆ ಮೂರೂ ಹೋಗುತ್ತವೆ. ಬೇರೆ ಬೇರೆ ದಿನಗಳಿರಲಿ. ಆ ವಾರದ ಗುರುವಾರ, 19ನೇ ತಾರೀಖು ಯುಗಾದಿ. ಬರ್ಲಿನ್‌ನವರಿಗೆ ಅದು ಗೊತ್ತಿರುವುದಿಲ್ಲ, ಆದ್ದರಿಂದ ಆ ದಿನವನ್ನು ನಾವೇ ಬಿಟ್ಟು ಬರೆಯಬೇಕು. ಮೇಲ್‌ನಲ್ಲಿ ಸಾಲುಗಳು ಹೀಗೆ ಕೂರುತ್ತವೆ:

```
A) Tue 17 Mar 2026, 18:30-19:15 IST (UTC+5:30)
   Berlin 14:00 (UTC+1), New York 09:00 (UTC-4)
B) Wed 18 Mar 2026, 20:00-20:45 IST (UTC+5:30)
   Berlin 15:30 (UTC+1), New York 10:30 (UTC-4)
C) Fri 20 Mar 2026, 19:00-19:45 IST (UTC+5:30)
   Berlin 14:30 (UTC+1), New York 09:30 (UTC-4)
```

ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 4/3 ಎಂದರೆ ನಮಗೆ ಮಾರ್ಚ್ 4, ಅಮೆರಿಕದವರಿಗೆ ಏಪ್ರಿಲ್ 3. ವಾರವೂ ಜೊತೆಗಿದ್ದರೆ ತಾರೀಖು ತಪ್ಪಿದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ಬೆಳಿಗ್ಗೆ, ಸಂಜೆಯ ಗೊಂದಲವಿಲ್ಲ. ಮುಗಿಯುವ ಹೊತ್ತನ್ನೂ ಬರೆದರೆ ಎಷ್ಟು ಹೊತ್ತು ಮೀಸಲಿಟ್ಟಿದ್ದೀರಿ ಎಂದು ಅವರಿಗೆ ತಿಳಿಯುತ್ತದೆ.

ಕ್ಯಾಲಿಫೋರ್ನಿಯಾದವರ ಜೊತೆಗಾದರೆ ದಿನದ ಮೇಲೂ ಕಣ್ಣಿಡಬೇಕು. ಅದೇ ವಾರದಲ್ಲಿ ನಮ್ಮ ಬುಧವಾರ ಬೆಳಿಗ್ಗೆ 7 ಗಂಟೆ ಎಂದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಂಗಳವಾರ ಸಂಜೆ 6:30. ಅಂಥಲ್ಲಿ ಕೆಳಗಿನ ಸಾಲಿನಲ್ಲೂ ವಾರ ಮತ್ತು ತಾರೀಖನ್ನು ಬರೆಯಲೇಬೇಕು.

ಖಚಿತಪಡಿಸಿ ಎಂದು ಕೇಳುವ ಬಗೆ

‘ದಯವಿಟ್ಟು ತಿಳಿಸಿ’ ಎಂದಷ್ಟೇ ಮುಗಿಸಿದರೆ ಉತ್ತರ ಯಾವಾಗ ಬರುತ್ತದೋ ಗೊತ್ತಿಲ್ಲ, ಅಲ್ಲಿಯವರೆಗೆ ಮೂರು ಸಂಜೆಯನ್ನೂ ಖಾಲಿ ಇಟ್ಟುಕೊಂಡು ಕಾಯಬೇಕು. ಅದರ ಬದಲು A, B, C ಇವುಗಳಲ್ಲಿ ಒಂದಕ್ಷರ ಬರೆದರೆ ಸಾಕು ಎಂದು ಕೇಳಬಹುದು. ಮಾರ್ಚ್ 12, ಗುರುವಾರ, 18:00 IST (UTC+5:30) ವರೆಗೆ ಮೂರನ್ನೂ ಕಾದಿರಿಸಿರುತ್ತೇನೆ ಎಂದು ಗಡುವು ಹೇಳಬಹುದು. ಮೂರೂ ಆಗದಿದ್ದರೆ ಆ ವಾರದ ಗುರುವಾರ ಬಿಟ್ಟು ಬೇರೆ ದಿನ 18:30ರಿಂದ 21:30ರೊಳಗೆ ನೀವೇ ಸೂಚಿಸಿ ಎಂದೂ ಸೇರಿಸಿದರೆ ಮಾತು ಇನ್ನೊಂದೇ ಮೇಲ್‌ಗೆ ಮುಗಿಯುತ್ತದೆ.

‘B’ ಎಂದು ಉತ್ತರ ಬಂತೆನ್ನಿ. ಆ ಸಾಲನ್ನು ಪೂರ್ತಿ ಮತ್ತೆ ಬರೆದು, ಕ್ಯಾಲೆಂಡರ್ ಆಹ್ವಾನ ಕಳಿಸಲು ಕೇಳಿ, ಉಳಿದೆರಡು ಸಂಜೆ ಬಿಟ್ಟುಕೊಟ್ಟಿದ್ದೇನೆ ಎಂದು ತಿಳಿಸಬೇಕು. ಆಹ್ವಾನ ಬಂದ ಕೂಡಲೇ ತೆರೆದು ನೋಡಬೇಕು. ಫೋನಿನ ಸಮಯವಲಯ Asia/Kolkata ಆಗಿದ್ದರೆ, ಆಹ್ವಾನ ಎಲ್ಲಿಂದ ಬಂದರೂ ಅದು ನಮ್ಮ ಸಮಯದಲ್ಲೇ ಕಾಣುತ್ತದೆ. ಬುಧವಾರ 20:00 ಎಂದಿದ್ದರೆ ಸರಿ.

ಬೇರೆ ಸಮಯ ಕಂಡರೆ ಎಷ್ಟು ಬೇರೆ ಎಂಬುದೇ ಕಾರಣದ ಸುಳಿವು ಕೊಡುತ್ತದೆ. ಸರಿಯಾಗಿ ಒಂದು ಗಂಟೆ ಹೆಚ್ಚುಕಡಿಮೆ ಇದ್ದರೆ ಯಾರೋ ಗಡಿಯಾರ ತಿರುಗಿಸಿದ್ದನ್ನು ಮರೆತಿದ್ದಾರೆ. ಅರ್ಧ ಗಂಟೆಯಾದರೆ ನಮ್ಮ ಐದೂವರೆಯನ್ನು ಐದೆಂದೋ ಆರೆಂದೋ ಹಿಡಿದಿದ್ದಾರೆ. ಹನ್ನೆರಡು ಗಂಟೆಯಾದರೆ ಬೆಳಿಗ್ಗೆ, ಸಂಜೆ ಅದಲುಬದಲಾಗಿದೆ. ಕಾರಣ ಏನೇ ಇರಲಿ, ತಾನೇ ಊಹಿಸಿ ಸುಮ್ಮನಾಗದೆ ‘20:00 IST (UTC+5:30) ಅಲ್ಲವೇ?’ ಎಂದು ಅಂದೇ ಕೇಳಬೇಕು.

ಈ ಸುತ್ತು ದಾಟಿ ಮುಂದಿನದಕ್ಕೆ ಮಾರ್ಚ್ 31ರ ಮಂಗಳವಾರವನ್ನು ಸೂಚಿಸುವುದಾದರೆ ಹಳೆಯ ಮೇಲ್‌ನ ಸಾಲನ್ನು ಹಾಗೇ ನಕಲು ಮಾಡುವಂತಿಲ್ಲ. ನಮ್ಮ 18:30ಕ್ಕೆ ನ್ಯೂಯಾರ್ಕ್‌ನಲ್ಲಿ ಆಗಲೂ 9 ಗಂಟೆಯೇ. ಆದರೆ ಅಷ್ಟರಲ್ಲಿ ಬರ್ಲಿನ್ UTC+2 ಆಗಿರುತ್ತದೆ. ಅಲ್ಲಿನ ಸಾಲಿನಲ್ಲಿ 14:00 ಇದ್ದದ್ದು 15:00 ಆಗಬೇಕು.