ಮಾತಿಲ್ಲದ ಪ್ಯಾಕಿಂಗ್ ವಿಡಿಯೊಗೆ ಸ್ಕ್ರಿಪ್ಟ್

ಆರ್ಡರ್ ಪ್ಯಾಕ್ ಮಾಡುವ ವಿಡಿಯೊದಲ್ಲಿ ಯಾರೂ ಮಾತನಾಡದಿದ್ದರೂ ಸ್ಕ್ರಿಪ್ಟ್ ಬೇಕು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಕೈ ಮಾಡುವ ಕೆಲಸ, ಅದರಿಂದ ಹೊರಡುವ ಸದ್ದು, ಹಿಡಿಯುವ ಸೆಕೆಂಡು, ಇಷ್ಟನ್ನು ಬರೆದುಕೊಂಡರೆ ಸಾಕು. ಸದ್ದೇ ಹೊರಡದ ಕೆಲಸವನ್ನು ಆದಷ್ಟು ಚಿಕ್ಕದಾಗಿಸಬೇಕು.

ಮನೆಯಲ್ಲೇ ಶೇಂಗಾ ಚಟ್ನಿ ಪುಡಿ ಮಾಡಿ ಮಾರುವವರಿಗೆ 250 ಗ್ರಾಂನ ಎರಡು ಪ್ಯಾಕೆಟ್‌ಗಳ ಆರ್ಡರ್ ಬಂದಿದೆ ಎಂದುಕೊಳ್ಳೋಣ. ಅದನ್ನು 30 ಸೆಕೆಂಡಿಗೆ ಹೀಗೆ ಹಂಚಬಹುದು. ಮೊದಲ 3 ಸೆಕೆಂಡು ತಕ್ಕಡಿ: ಚಮಚದಿಂದ ಪುಡಿ ಬೀಳುತ್ತಾ ಅಂಕಿ 248, 249 ಎಂದು ಏರಿ 250ಕ್ಕೆ ನಿಲ್ಲುತ್ತದೆ. ಅಂಕಿ ಎಲ್ಲಿ ನಿಲ್ಲುತ್ತದೆಂದು ನೋಡುವವರು ಕಾಯುವುದರಿಂದ ಆರಂಭಕ್ಕೆ ಇದು ಒಪ್ಪುತ್ತದೆ. ನಂತರ ಸೀಲಿಂಗ್ ಮಷಿನ್ ಒತ್ತಲು 2, ಲೇಬಲ್ ಅಂಟಿಸಿ ಹೆಬ್ಬೆರಳಿನಿಂದ ಸವರಲು 2. ಎರಡನೇ ಪ್ಯಾಕೆಟ್‌ಗೂ ಇದೇ ಮೂರು ಕೆಲಸ, ಆದರೆ ಒಂದೊಂದಕ್ಕೆ 1 ಸೆಕೆಂಡು ಮಾತ್ರ. ನೋಡಿದ್ದೇ ಮತ್ತೆ ವೇಗವಾಗಿ ಬಂದಾಗ ಲಯ ಹುಟ್ಟುತ್ತದೆ. ಅಲ್ಲಿಗೆ 10 ಸೆಕೆಂಡು. ರಟ್ಟಿನ ಡಬ್ಬ ಮಡಚಲು 4, ಕಾಗದ ಹಾಸಿ ಪ್ಯಾಕೆಟ್ ಇಡಲು 4, ಧನ್ಯವಾದದ ಚೀಟಿಗೆ 2, ಟೇಪ್ ಎಳೆದು ಹರಿಯಲು 5. ಉಳಿದ 5 ಸೆಕೆಂಡಿನಲ್ಲಿ ಡಬ್ಬ ಇತರ ಪಾರ್ಸೆಲ್‌ಗಳ ಮೇಲೆ ಕೂರುತ್ತದೆ. ಚಿಕ್ಕ ತುಣುಕುಗಳ ನಂತರ ಟೇಪನ್ನು ಕತ್ತರಿಸದೆ ಉದ್ದಕ್ಕೆ ತೋರಿಸಿದರೆ ಕಣ್ಣಿಗೆ ಬಿಡುವು ಸಿಗುತ್ತದೆ.

ಒಂದು ತುಣುಕಿನಿಂದ ಇನ್ನೊಂದಕ್ಕೆ ಹೋಗುವ ಜಾಗವನ್ನೂ ಸ್ಕ್ರಿಪ್ಟಿನಲ್ಲೇ ಗುರುತಿಸಬೇಕು. ಕೈ ಚಲಿಸುತ್ತಿರುವಾಗಲೇ ಕತ್ತರಿಸಿ, ಮುಂದಿನ ತುಣುಕನ್ನು ಅದೇ ದಿಕ್ಕಿನ ಚಲನೆಯಿಂದ ಶುರು ಮಾಡಿದರೆ ಜೋಡಣೆ ಗೊತ್ತಾಗುವುದಿಲ್ಲ. ಕೈ ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ಬಂದರೆ ಚಿತ್ರ ಹಾರಿದಂತೆ ಕಾಣುತ್ತದೆ. ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಮೇಲಿನಿಂದ ನೆಟ್ಟಗೆ ಹಿಡಿದು, ಬೆಳಕು ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಬೇಕು. ಇಲ್ಲದಿದ್ದರೆ ಬಿಳಿ ಕಾಗದ ಬಂದ ಕೂಡಲೇ ಇಡೀ ಚಿತ್ರ ಮಬ್ಬಾಗಬಹುದು. ಹಳೆಯ ಟ್ಯೂಬ್‌ಲೈಟಿನಲ್ಲಿ ಪಟ್ಟಿಪಟ್ಟಿ ಮಿನುಗು ಕಂಡರೆ ಶಟರನ್ನು 1/50 ಅಥವಾ 1/100ಕ್ಕೆ ಇಡಬೇಕು. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದು.

ಮೇಲೆ ಕಟ್ಟಿದ ಮೊಬೈಲಿಗೆ ಪ್ಯಾಕೆಟ್ಟಿನ ಸರಪರ ಸದ್ದು ದುರ್ಬಲವಾಗಿ ಕೇಳುತ್ತದೆ. ಹಾಗಾಗಿ ಫ್ಯಾನ್ ಆರಿಸಿ, ಇನ್ನೊಂದು ಮೊಬೈಲನ್ನು ಮೇಜಿನ ಅಂಚಿನಲ್ಲಿಟ್ಟು ಸದ್ದನ್ನು ಬೇರೆಯಾಗಿ ಹಿಡಿದು, ಎಡಿಟಿಂಗ್‌ನಲ್ಲಿ ಕೂಡಿಸುವುದು ವಾಸಿ. ಟೇಪ್ ಹರಿದ ಸದ್ದು ಒಂದೆರಡು ಫ್ರೇಮ್ ಹಿಂದುಮುಂದಾಗಿ ಬಂದರೂ ಹೊಂದಿಲ್ಲವೆಂದು ಅನ್ನಿಸಿಬಿಡುತ್ತದೆ.

ಹಲವರು ಸದ್ದು ಮುಚ್ಚಿಟ್ಟು ನೋಡುವುದರಿಂದ ‘ಶೇಂಗಾ ಚಟ್ನಿ ಪುಡಿ, 250 ಗ್ರಾಂ’ ಎಂಬ ಒಂದು ಸಾಲನ್ನು ಮೊದಲ ತುಣುಕಿನ ಮೇಲೆ ಬರೆಯಬೇಕು. ಪರದೆಯ ತಳಭಾಗ ಮಾತ್ರ ಬೇಡ, ಅಲ್ಲಿ ಆ್ಯಪ್‌ನ ಬರಹ ಅದನ್ನು ಮುಚ್ಚುತ್ತದೆ. ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್ ಇರುವ ಚೀಟಿಯನ್ನು ಚಿತ್ರೀಕರಣ ಮುಗಿದ ಮೇಲೆಯೇ ಡಬ್ಬಕ್ಕೆ ಅಂಟಿಸಬೇಕು.